ಚಮಚದ ಬೆನ್ನಿನ ಸಿಂಹ

ಹಳೆಯ ಇಂಗ್ಲಿಷ್ ಬೆಳ್ಳಿ ಚಮಚವೊಂದರ ಹಿಡಿಯ ಹಿಂಭಾಗವನ್ನು ಹತ್ತಿರದಿಂದ ತೆಗೆದ ಫೋಟೊದಲ್ಲಿ ನೋಡಿ. ಸಾಸಿವೆಯಷ್ಟು ಪುಟ್ಟ ಮುದ್ರೆಗಳು ಸಾಲಾಗಿ ಕಾಣುತ್ತವೆ. ನಡೆಯುವ ಸಿಂಹವಿದ್ದರೆ ಬೆಳ್ಳಿ 92.5 ಪ್ರತಿಶತ ಶುದ್ಧ. ಚಿರತೆಯ ತಲೆಯಿದ್ದರೆ ಪರೀಕ್ಷಿಸಿದ್ದು ಲಂಡನ್ನಿನಲ್ಲಿ. ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮಿನಲ್ಲಿ. ಜೊತೆಗೆ ತಯಾರಕರ ಹೆಸರಿನ ಮೊದಲಕ್ಷರಗಳು.

ನನಗೆ ಅತ್ಯಂತ ಇಷ್ಟವಾದದ್ದು ವರ್ಷದ ಅಕ್ಷರ. ಲಂಡನ್ನಿನಲ್ಲಿ ಇಪ್ಪತ್ತು ಅಕ್ಷರಗಳು ಮುಗಿದ ಮೇಲೆ ಮತ್ತೆ ‘ಎ’ ಬರುತ್ತಿತ್ತು, ಬೇರೆ ಲಿಪಿಶೈಲಿಯಲ್ಲಿ. ಹಾಗಾಗಿ ಅಕ್ಷರವೊಂದೇ ಸಾಲದು, ಅದರ ಆಕಾರ ಮತ್ತು ಚೌಕಟ್ಟನ್ನೂ ನೋಡಬೇಕು. ಗಾಥಿಕ್ ಶೈಲಿಯ ‘ಎ’ ದೊಡ್ಡಕ್ಷರವಾದರೆ 1836, ಚಿಕ್ಕಕ್ಷರವಾದರೆ 1856. ಸವೆದ ಮುದ್ರೆಯಲ್ಲಿ ಈ ವ್ಯತ್ಯಾಸ ಅಳಿಸಿಹೋಗಿರಬಹುದು. ಆಗ ಪಕ್ಕದ ಪುಟ್ಟ ಮುಖ ನೆರವಾಗುತ್ತದೆ. ಅದು 1784ರಿಂದ 1890ರವರೆಗೆ ಸುಂಕ ಕಟ್ಟಿದ್ದರ ಗುರುತು. ಎಡಕ್ಕೆ ತಿರುಗಿದ ವಿಕ್ಟೋರಿಯಾ ರಾಣಿಯ ಮುಖವಿದ್ದರೆ 1836 ಬಿಟ್ಟುಹೋಯಿತು, 1856 ಉಳಿಯಿತು. ಒಂದು ಮೂಗಿನ ದಿಕ್ಕು ಇಪ್ಪತ್ತು ವರ್ಷದ ಗೊಂದಲವನ್ನು ಬಿಡಿಸುತ್ತದೆ!

ಫೋಟೊ ತೆಗೆಯುವಾಗ ಬೆಳಕು ಪಕ್ಕದಿಂದ, ಓರೆಯಾಗಿ ಬೀಳಲಿ. ನೇರ ಫ್ಲ್ಯಾಶ್ ಹೊಳಪಿನಲ್ಲಿ ಸಿಂಹವನ್ನೇ ಮುಳುಗಿಸುತ್ತದೆ. ಇ.ಪಿ.ಎನ್.ಎಸ್. ಅಕ್ಷರಗಳಿದ್ದರೆ ಅದು ಬೆಳ್ಳಿ ಲೇಪನದ ವಸ್ತು; ಅಂಥವುಗಳ ಮೇಲೂ ಹಾಲ್‌ಮಾರ್ಕಿನಂತೆ ಕಾಣುವ ಚೌಕಟ್ಟುಗಳನ್ನು ಒತ್ತುತ್ತಿದ್ದರು. ಬೇರೆ ವಸ್ತುವಿನಿಂದ ಕತ್ತರಿಸಿ ಬೆಸೆದ ಮುದ್ರೆಯನ್ನು ಪತ್ತೆಹಚ್ಚಲು ಫೋಟೊ ಸಾಲದು, ವಸ್ತುವನ್ನೇ ಕೈಯಲ್ಲಿ ಹಿಡಿದು ಬೆಸುಗೆಯ ಗೆರೆ ಹುಡುಕಬೇಕು.