ಲೇಬಲ್ ಮೇಲಿನ ‘ಗ್ರೇನ್’ ಎಂಬ ಮಾತು

ಕಳೆದ ತಿಂಗಳು ಗೆಳೆಯನ ಮನೆಯಲ್ಲಿ ಊಟಕ್ಕೆ ಮೊದಲು ವಿಸ್ಕಿ ಬಾಟಲಿಯೊಂದು ಹೊರಬಂತು. ಅವನು ಅದನ್ನು ತಿರುಗಿಸಿ ಹಿಂದಿನ ಲೇಬಲ್ ಮೇಲೆ ಬೆರಳಿಟ್ಟು ತೋರಿಸಿದ. “ನೋಡು ಮಾರಾಯ, ಗ್ರೇನ್ ನ್ಯೂಟ್ರಲ್ ಸ್ಪಿರಿಟ್ ಅಂತ ಬರೆದಿದೆ. ಇದು ಕಾಕಂಬಿ ಮಾಲಲ್ಲ, ನಿಜವಾದ ವಿಸ್ಕಿ” ಎಂದ. ಈ ಮಾತನ್ನು ನಾನು ಹತ್ತಾರು ಕಡೆ ಕೇಳಿದ್ದೇನೆ. ನಮ್ಮ ದೇಶದ ಅಗ್ಗದ ವಿಸ್ಕಿ ಅಸಲಿಗೆ ಕಬ್ಬಿನ ಕಾಕಂಬಿಯಿಂದ ಮಾಡಿದ ರಮ್, ಅದಕ್ಕೆ ಬಣ್ಣ ಹಾಕಿ ವಿಸ್ಕಿ ಅನ್ನುತ್ತಾರೆ, ಆದ್ದರಿಂದ ಧಾನ್ಯದ್ದನ್ನೇ ಹುಡುಕಿ ಕೊಳ್ಳಬೇಕು ಎಂಬುದು ಸ್ವಲ್ಪ ತಿಳಿದವರೆಲ್ಲರ ತೀರ್ಮಾನ. ಇದರ ಮೊದಲರ್ಧದಲ್ಲಿ ಸ್ವಲ್ಪ ಸತ್ಯವಿದೆ. ಉಳಿದರ್ಧ ಕೊಳ್ಳುವವರ ಕಣ್ಣನ್ನು ತಪ್ಪು ಜಾಗಕ್ಕೆ ತಿರುಗಿಸುತ್ತಿದೆ ಎಂಬುದು ನನ್ನ ವಾದ.

ಸತ್ಯ ಎಷ್ಟು ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ವಿಸ್ಕಿ ಎಂದರೆ ಧಾನ್ಯದಿಂದ ಇಳಿಸಿದ್ದು ಎಂದು ಯುರೋಪಿನ ಕಾನೂನು ಹೇಳುತ್ತದೆ. ಕಾಕಂಬಿಯ ಸ್ಪಿರಿಟ್ ಬೆರೆತ ನಮ್ಮ ಬಾಟಲಿಗಳನ್ನು ಅಲ್ಲಿ ಆ ಹೆಸರಿನಲ್ಲಿ ಮಾರುವಂತಿಲ್ಲ. ನಮ್ಮಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳು, ಅಂದರೆ 2019ರ ಏಪ್ರಿಲ್‌ನಿಂದ ಜಾರಿಯಲ್ಲಿರುವವು, ಕೃಷಿಮೂಲದ ನ್ಯೂಟ್ರಲ್ ಸ್ಪಿರಿಟ್‌ನಿಂದಲೂ ವಿಸ್ಕಿ ಮಾಡಲು ಅವಕಾಶ ಕೊಟ್ಟಿವೆ. ಕಬ್ಬೂ ಕೃಷಿಯೇ. ಹಸಿವಿನ ದಿನಗಳಲ್ಲಿ ಧಾನ್ಯವನ್ನು ಹೆಂಡಕ್ಕೆ ಸುರಿಯುವುದು ಯಾರಿಗೂ ಸರಿ ಕಾಣದಿದ್ದಾಗ ಸಕ್ಕರೆ ಕಾರ್ಖಾನೆಗಳ ಹಿತ್ತಲಲ್ಲಿ ಕಾಕಂಬಿ ರಾಶಿ ಬೀಳುತ್ತಿತ್ತು. ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯವರಿಗೆ ಅದರ ವಾಸನೆ ಗೊತ್ತು. ಕೈಗೆ ಸಿಕ್ಕಿದ್ದರಿಂದ ಮದ್ಯ ಮಾಡಿದರು.

ಆದರೆ ಆ ಮದ್ಯ ಹೇಗೆ ಆಗುತ್ತದೆ ಎಂದು ನೋಡಿದರೆ ಗೆಳೆಯನ ವಾದ ನಿಲ್ಲುವುದಿಲ್ಲ. ಸಕ್ಕರೆ ತೆಗೆದು ತೆಗೆದು ಇನ್ನು ಹರಳುಗಟ್ಟದು ಎಂಬ ಹಂತದಲ್ಲಿ ಉಳಿಯುವ ಕಪ್ಪು, ದಪ್ಪ, ಕರಕಲು ವಾಸನೆಯ ಪಾಕವೇ ಕಾಕಂಬಿ. ಅದರಲ್ಲಿ ಇನ್ನೂ ಅರ್ಧದಷ್ಟು ಸಕ್ಕರೆ ಇರುತ್ತದೆ. ನೀರು ಬೆರೆಸಿ ಯೀಸ್ಟ್ ಹಾಕಿದರೆ ಒಂದೆರಡು ದಿನದಲ್ಲಿ ಹುದುಗಿ ನೂರಕ್ಕೆ ಎಂಟರ ಆಸುಪಾಸು ಆಲ್ಕೋಹಾಲ್ ಇರುವ ದ್ರವವಾಗುತ್ತದೆ. ಅದನ್ನು ಹಲವು ಅಂತಸ್ತಿನ ಎತ್ತರದ ಕಾಲಂಗಳಲ್ಲಿ ಮತ್ತೆ ಮತ್ತೆ ಆವಿ ಮಾಡಿ ಇಳಿಸುತ್ತಾರೆ. ಮೊದಲು ಹಾರುವ ಘಾಟನ್ನು ಒಂದು ಕಡೆ, ಕೊನೆಗೆ ಉಳಿಯುವ ಎಣ್ಣೆಯಂಥದ್ದನ್ನು ಇನ್ನೊಂದು ಕಡೆ ತೆಗೆದುಹಾಕಿದ ಮೇಲೆ ಶೇ. 96ರಷ್ಟು ಶುದ್ಧ ಆಲ್ಕೋಹಾಲ್ ಹೊರಬರುತ್ತದೆ. ಕಾರ್ಖಾನೆಯವರು ಇದನ್ನು ಇಎನ್‌ಎ ಅನ್ನುತ್ತಾರೆ, ಎಕ್ಸ್‌ಟ್ರಾ ನ್ಯೂಟ್ರಲ್ ಆಲ್ಕೋಹಾಲ್. ನೀರಿನಷ್ಟು ತಿಳಿ, ಮೂಗಿಗೆ ಸ್ಪಿರಿಟ್ ಬಿಟ್ಟರೆ ಬೇರೇನೂ ಸಿಗುವುದಿಲ್ಲ.

ಈಗ ಧಾನ್ಯದ್ದನ್ನು ನೋಡಿ. ನುಚ್ಚಕ್ಕಿಯನ್ನೋ ಮೆಕ್ಕೆಜೋಳವನ್ನೋ ಪುಡಿಮಾಡಿ ಬೇಯಿಸಿ, ಪಿಷ್ಟ ಸಕ್ಕರೆಯಾಗಲು ಕಿಣ್ವ ಹಾಕಿ, ಯೀಸ್ಟ್ ಬಿಟ್ಟು ಹುದುಗಿಸುತ್ತಾರೆ. ಆಮೇಲೆ ಅದೇ ಬಗೆಯ ಕಾಲಂಗಳು, ಅದೇ ಶೇ. 96. ಈ ಇಳಿಸುವಿಕೆಯ ಗುರಿಯೇ ಮೂಲ ಪದಾರ್ಥದ ನೆನಪನ್ನು ಅಳಿಸುವುದು. ಅಕ್ಕಿಯ ಪರಿಮಳವೂ ಹೋಗುತ್ತದೆ, ಕಾಕಂಬಿಯ ಕರಕಲೂ ಹೋಗುತ್ತದೆ. ಹಾಗಾಗಿ ‘ಅದು ಅಸಲಿಗೆ ರಮ್’ ಎಂಬ ಮಾತೂ ತಪ್ಪು. ಒಳ್ಳೆಯ ರಮ್‌ನಲ್ಲಿ ಕಬ್ಬಿನ ರುಚಿ ಉಳಿದಿರಬೇಕು. ಇಲ್ಲಿ ಅದನ್ನೂ ಉಳಿಸಿಲ್ಲ.

ಪ್ರಯೋಗಾಲಯದಲ್ಲಾದರೂ ಕಂಡುಹಿಡಿಯಬಹುದೇ? ಸ್ವಲ್ಪ ಮಟ್ಟಿಗೆ. ಗಾಳಿಯ ಇಂಗಾಲವನ್ನು ಹೀರುವ ಬಗೆ ಎಲ್ಲ ಗಿಡಗಳಲ್ಲೂ ಒಂದೇ ಅಲ್ಲ. ಕಬ್ಬಿನಲ್ಲಿ ಭಾರದ ಇಂಗಾಲ-13ರ ಪಾಲು ಭತ್ತ, ಗೋಧಿ, ಬಾರ್ಲಿಯಲ್ಲಿರುವುದಕ್ಕಿಂತ ತುಸು ಹೆಚ್ಚು. ಎಷ್ಟು ಸಲ ಇಳಿಸಿದರೂ ಆ ಗುರುತು ಆಲ್ಕೋಹಾಲ್‌ನಲ್ಲಿ ಉಳಿಯುತ್ತದೆ. ಆದ್ದರಿಂದ ಕಾಕಂಬಿಯ ಸ್ಪಿರಿಟ್‌ಗೂ ಅಕ್ಕಿಯ ಸ್ಪಿರಿಟ್‌ಗೂ ಇರುವ ವ್ಯತ್ಯಾಸ ಯಂತ್ರಕ್ಕೆ ಸಿಗುತ್ತದೆ. ಆದರೆ ಮೆಕ್ಕೆಜೋಳವೂ ಕಬ್ಬಿನ ಗುಂಪಿಗೇ ಸೇರಿದ ಗಿಡ. ಮೆಕ್ಕೆಜೋಳದ ‘ಗ್ರೇನ್’ ಸ್ಪಿರಿಟ್ ಮತ್ತು ಕಾಕಂಬಿಯ ಸ್ಪಿರಿಟ್ ಇಂಗಾಲದ ಈ ಪರೀಕ್ಷೆಯಲ್ಲಿ ಅಕ್ಕಪಕ್ಕ ಕೂರುತ್ತವೆ. ಯಂತ್ರಕ್ಕೇ ಕಷ್ಟವಾದದ್ದನ್ನು ನಾಲಿಗೆ ಗುರುತಿಸುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಕಾಕಂಬಿಯದ್ದು ತಲೆ ಹಿಡಿಯುತ್ತದೆ, ಕಣ್ಣು ಹೋಗುತ್ತದೆ ಎಂಬ ಹೆದರಿಕೆಯೂ ಇದರ ಜೊತೆಗೇ ಬರುತ್ತದೆ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತ ನೆನಪು ಹಿರಿಯರಲ್ಲಿ ಇನ್ನೂ ಇದೆ. ಅವರನ್ನು ಕೊಂದದ್ದು ಮೆಥನಾಲ್, ಕೈಗಾರಿಕೆಗೆಂದು ತಯಾರಾಗುವ ವಿಷ. ಕಾಕಂಬಿ ಹುದುಗಿದರೆ ಬರುವ ಮದ್ಯಕ್ಕೂ ಆ ಸಾವುಗಳಿಗೂ ಸಂಬಂಧ ಕಟ್ಟುವುದು ಸರಿಯಲ್ಲ. ಬೆಳಗಿನ ತಲೆನೋವಿಗೆ ಮುಖ್ಯ ಕಾರಣ ರಾತ್ರಿ ಕುಡಿದ ಆಲ್ಕೋಹಾಲ್‌ನ ಅಳತೆ.

ಹಾಗಾದರೆ ನಿಜವಾದ ಗೆರೆ ಎಲ್ಲಿದೆ? ಮೂಲದ ರುಚಿಯನ್ನು ಎಷ್ಟು ಉಳಿಸಿದರು, ಮರದ ಪೀಪಾಯಿಯಲ್ಲಿ ಎಷ್ಟು ಕಾಲ ಇಟ್ಟರು, ಈ ಎರಡರಲ್ಲಿ. ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಮಗುವಿನ ಸರಿಗೆ ರಾಗಿಯನ್ನು ನೆನೆಸಿ ಮೊಳಕೆ ಕಟ್ಟುತ್ತೇವಲ್ಲ, ಅದೇ ಕೆಲಸ. ಮೊಳಕೆಯೊಳಗಿನ ಕಿಣ್ವ ಪಿಷ್ಟವನ್ನು ಸಕ್ಕರೆ ಮಾಡುತ್ತದೆ, ಮೊಳಕೆ ರಾಗಿಯ ಸರಿ ತೆಳ್ಳಗೆ ಸಿಹಿಯಾಗಿ ಇರುವುದು ಅದರಿಂದಲೇ. ಆ ಬಾರ್ಲಿಯ ರಸವನ್ನು ಹುದುಗಿಸಿ ತಾಮ್ರದ ಹಂಡೆಯಲ್ಲಿ ಸಾಮಾನ್ಯವಾಗಿ ಎರಡು ಸಲ ಇಳಿಸಿ ಶೇ. 70ರ ಹತ್ತಿರ ನಿಲ್ಲಿಸುತ್ತಾರೆ, ಹಾಗಾಗಿ ಧಾನ್ಯದ ರುಚಿ ಉಳಿಯುತ್ತದೆ. ಸ್ಕಾಟ್ಲೆಂಡಿನ ಗ್ರೇನ್ ವಿಸ್ಕಿ ಕಾಲಂನಲ್ಲೇ ಇಳಿಯುತ್ತದೆ, ಆದರೆ ಶೇ. 94.8ರ ಕೆಳಗೆ. ಮುಖ್ಯವಾಗಿ, ಅದನ್ನು ಕನಿಷ್ಠ ಮೂರು ವರ್ಷ ಓಕ್ ಪೀಪಾಯಿಯಲ್ಲಿ ಇಡದೆ ವಿಸ್ಕಿ ಎಂದು ಕರೆಯುವಂತಿಲ್ಲ. ಗೆಳೆಯ ತೋರಿಸಿದ ಗ್ರೇನ್ ನ್ಯೂಟ್ರಲ್ ಸ್ಪಿರಿಟ್‌ಗೂ ಈ ಗ್ರೇನ್ ವಿಸ್ಕಿಗೂ ‘ಗ್ರೇನ್’ ಎಂಬ ಪದವೊಂದೇ ಸಮಾನ. ಲೇಬಲ್ ಓದುವಾಗ ನಿಲ್ಲಬೇಕಾದ ಪದ ‘ನ್ಯೂಟ್ರಲ್’.

ಅವತ್ತು ಆ ಬಾಟಲಿಯನ್ನು ನಾನು ದೀಪದ ಕೆಳಗೆ ಹಿಡಿದು ಪೂರ್ತಿ ಓದಿದೆ. ಮುಂದಿನ ಲೇಬಲ್‌ನಲ್ಲಿ ದಪ್ಪ ಅಕ್ಷರದಲ್ಲಿ ‘ಬ್ಲೆಂಡೆಡ್ ವಿತ್ ಸ್ಕಾಚ್ ಮಾಲ್ಟ್’. ಹಿಂದೆ ಸಾಸಿವೆ ಕಾಳಿನಷ್ಟು ಚಿಕ್ಕ ಅಕ್ಷರದಲ್ಲಿ ಪದಾರ್ಥಗಳು: ಗ್ರೇನ್ ನ್ಯೂಟ್ರಲ್ ಸ್ಪಿರಿಟ್, ಮಾಲ್ಟ್ ಸ್ಪಿರಿಟ್, ಖನಿಜ ತೆಗೆದ ನೀರು, 150ಎ ಬಣ್ಣ ಎಂದರೆ ಸುಟ್ಟ ಸಕ್ಕರೆ, ಮತ್ತು ಸೇರಿಸಿದ ಸುವಾಸನೆ. 750 ಮಿಲಿ, ಶೇ. 42.8, ಪಕ್ಕದಲ್ಲಿ 25 ಯು.ಪಿ. ಎಂಬ ಬ್ರಿಟಿಷರ ಕಾಲದ ಅಳತೆ. ಮಾಲ್ಟ್ ಎಷ್ಟು ಎಂದು ಎಲ್ಲೂ ಇರಲಿಲ್ಲ. ಎಷ್ಟು ಕಾಲ ಪೀಪಾಯಿಯಲ್ಲಿತ್ತು ಎಂದೂ ಇರಲಿಲ್ಲ.

ಇದರ ಅರ್ಥವೇನು ಎಂದು ಒಂದು ಲೆಕ್ಕ ಹಾಕಿ ತೋರಿಸಿದೆ. 750 ಮಿಲಿಯಲ್ಲಿ ಶೇ. 42.8 ಎಂದರೆ 321 ಮಿಲಿ ಶುದ್ಧ ಆಲ್ಕೋಹಾಲ್. ಅದರಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಮಾಲ್ಟ್‌ನಿಂದ ಬಂದಿದೆ ಎಂದುಕೊಳ್ಳೋಣ. ಆಗ ಅದು 16 ಮಿಲಿ. ಪೀಪಾಯಿಯಿಂದ ಬರುವ ಶೇ. 60ರ ಮಾಲ್ಟ್ ವಿಸ್ಕಿಯಾಗಿ ಅಳೆದರೆ ಸುಮಾರು 27 ಮಿಲಿ. ಇಡೀ ಬಾಟಲಿಗೆ ಒಂದು ಸ್ಮಾಲ್ ಪೆಗ್‌ಗಿಂತ ಕಡಿಮೆ. ಅದೇ ಬಾಟಲಿಯಲ್ಲಿ ಪಾಲು ಐದರಲ್ಲಿ ಒಂದಾಗಿದ್ದರೆ ನೂರು ಮಿಲಿ ದಾಟುತ್ತಿತ್ತು, ಕುಡಿಯುವವರಿಗೆ ಅದು ಬೇರೆಯೇ ಪಾನೀಯ. ಎರಡೂ ಬಾಟಲಿಗಳ ಮೇಲೆ ‘ಬ್ಲೆಂಡೆಡ್ ವಿತ್ ಸ್ಕಾಚ್ ಮಾಲ್ಟ್’ ಎಂದೇ ಬರೆಯಬಹುದು. ‘ಗ್ರೇನ್’ ಎಂದು ಬರೆದದ್ದರಿಂದ ಈ ಎರಡರ ನಡುವಿನ ಅಂತರ ಒಂದು ಹನಿಯಷ್ಟೂ ತಿಳಿಯುವುದಿಲ್ಲ.

ಗೆಳೆಯ ಸುಮ್ಮನೆ ಕೇಳಿಸಿಕೊಂಡ. ಲೋಟವನ್ನು ತೊಳೆಯದೆ ಹಾಗೇ ಬಿಟ್ಟು ಬೆಳಿಗ್ಗೆ ಮೂಸಿ ನೋಡು ಎಂದೆ. ಮಾಲ್ಟ್ ಸಾಕಷ್ಟಿದ್ದರೆ ಖಾಲಿ ಲೋಟದಲ್ಲಿ ಮರುದಿನವೂ ಹುರಿದ ಧಾನ್ಯದ, ಒಣ ಮರದ ವಾಸನೆ ನಿಂತಿರುತ್ತದೆ. ಅವನು ಮರುದಿನ ಫೋನ್ ಮಾಡಿ ಮಿಠಾಯಿ ವಾಸನೆ ಬರುತ್ತಿದೆ ಎಂದ. ಈ ಪರೀಕ್ಷೆಗೂ ಮಿತಿಯಿದೆ, ಎಸೆನ್ಸ್ ಚೆನ್ನಾಗಿ ಕಲಸಿದರೆ ಮೂಗು ಮೋಸಹೋಗುತ್ತದೆ.

ಲೇಬಲ್ ಮೇಲೆ ನಂಬಬಹುದಾದ ಮಾತು ಇಲ್ಲವೆಂದಲ್ಲ. ‘ಸಿಂಗಲ್ ಮಾಲ್ಟ್’ ಅಂಥದ್ದು: ಪೂರ್ತಿ ಮಾಲ್ಟ್, ಒಂದೇ ಡಿಸ್ಟಿಲರಿ. ಬೆಂಗಳೂರಿನ ಅಮೃತ್ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಗ್ಲಾಸ್ಗೋದಲ್ಲಿ, ವಿಸ್ಕಿಯ ತವರಿನಲ್ಲೇ ಮಾರಾಟಕ್ಕಿಟ್ಟಿತು. ಕಾಕಂಬಿಯ ನಾಡಿನವರಿಗೆ ವಿಸ್ಕಿ ಮಾಡಲು ಬಾರದು ಎಂಬ ಮಾತಿಗೆ ಅಲ್ಲಿಗೆ ಉತ್ತರ ಸಿಕ್ಕಿತು. ಅಂಥ ಬಾಟಲಿಯ ಮೇಲೆ ವಯಸ್ಸು ಬರೆದಿಲ್ಲವೆಂದರೆ ಅನುಮಾನಪಡಬೇಕಿಲ್ಲ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ. 2ರಷ್ಟು ಆವಿಯಾದರೆ ಬೆಂಗಳೂರಿನ ಸೆಕೆಗೆ ಅದು ಶೇ. 10 ದಾಟುತ್ತದೆ. ಇಲ್ಲಿ ನಾಲ್ಕೈದು ವರ್ಷಕ್ಕೇ ವಿಸ್ಕಿ ಮಾಗುತ್ತದೆ, ಹನ್ನೆರಡು ವರ್ಷ ಇಟ್ಟರೆ ಪೀಪಾಯಿಯಲ್ಲಿ ಉಳಿಯುವುದೇ ಸ್ವಲ್ಪ.

‘ಸಿಂಗಲ್ ಮಾಲ್ಟ್’ ಎಂದು ಇಲ್ಲದ ಕಡೆ ‘ಮಾಲ್ಟ್’ ಎಂಬ ಪದ ಎಲ್ಲಿ ಕೂತಿದೆ ಎಂದು ನೋಡಿ. ಪಾನೀಯದ ಹೆಸರಿನ ಭಾಗವಾಗಿದೆಯೇ, ‘ಬ್ಲೆಂಡೆಡ್ ವಿತ್’ ಎಂಬುದರ ಬಾಲವಾಗಿದೆಯೇ? ಬಾಲವಾಗಿದ್ದರೆ ಪಾಲು ಗೊತ್ತಿಲ್ಲ ಎಂದರ್ಥ. ಪದಾರ್ಥಗಳ ಸಾಲಿನಲ್ಲಿ ‘ನ್ಯೂಟ್ರಲ್’ ಇದ್ದರೆ ಅದರ ಹಿಂದೆ ಧಾನ್ಯವಿದ್ದರೂ ಕಬ್ಬಿದ್ದರೂ ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಡಿ.

ಕಾಕಂಬಿಯ ಸ್ಪಿರಿಟ್‌ನಿಂದ ಮಾಡಿದ ಪಾನೀಯ ಕುಡಿಯುವವರನ್ನು ಕೀಳಾಗಿ ನೋಡಲು ನನಗೆ ಮನಸ್ಸಿಲ್ಲ. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತ ಮೇಲೆ ಕೂಲಿ ಮುಗಿಸಿ ಬಂದವರ ಕೈಗೆ ಸಿಕ್ಕಿದ್ದು ಅಗ್ಗದ ವಿಸ್ಕಿಯ ಪ್ಯಾಕೆಟ್. ಅವರು ಕೊಟ್ಟ ದುಡ್ಡಿಗೂ ಒಳಗೇನಿದೆ ಎಂದು ತಿಳಿಯುವ ಹಕ್ಕಿದೆ. ಆಹಾರ ಸುರಕ್ಷತಾ ಪ್ರಾಧಿಕಾರ ಒಂದು ಸಾಲನ್ನು ಕಡ್ಡಾಯ ಮಾಡಲಿ: ಈ ಬಾಟಲಿಯ ಆಲ್ಕೋಹಾಲ್‌ನಲ್ಲಿ ಮಾಲ್ಟ್‌ನ ಪಾಲು ಶೇಕಡಾ ಇಷ್ಟು, ಪೀಪಾಯಿಯಲ್ಲಿಟ್ಟದ್ದು ಇಷ್ಟು ತಿಂಗಳು. ಅದು ಮುಂದಿನ ಲೇಬಲ್‌ನಲ್ಲಿ, ಕನ್ನಡದಲ್ಲೂ, ಕನ್ನಡಕವಿಲ್ಲದೆ ಓದುವಷ್ಟು ದೊಡ್ಡ ಅಕ್ಷರದಲ್ಲಿ ಇರಲಿ.