ಕೊನೆಯ ಪ್ಯಾರಾ ಎಲ್ಲಿಂದ ಬರಬೇಕು?

ಅನಂತಮೂರ್ತಿಯವರ ‘ಸಂಸ್ಕಾರ’ (1965) ಕುರಿತು ಹಿಂದೆ ಬರೆದಿದ್ದ ಲೇಖನವೊಂದನ್ನು ಮೊನ್ನೆ ಮತ್ತೆ ಓದಿದೆ. ‘ಹೀಗೆ ಈ ಕಾದಂಬರಿ ಸಂಪ್ರದಾಯಕ್ಕೂ ವ್ಯಕ್ತಿಗೂ ನಡುವಿನ ಸಂಘರ್ಷವನ್ನು ಸಮರ್ಥವಾಗಿ ಚಿತ್ರಿಸುತ್ತದೆ’ ಎಂದು ಮುಗಿಸಿದ್ದೆ. ಮೊದಲ ಪ್ಯಾರಾದಲ್ಲೂ ಇದೇ ಮಾತಿತ್ತು. ನಡುವಿನ ಪುಟಗಳನ್ನು ಬರೆಯದೆಯೇ ಈ ಕೊನೆಯನ್ನು ಬರೆಯಬಹುದಿತ್ತು. ಮುಕ್ತಾಯ ಸೋತಿದೆ ಎಂದು ತಿಳಿಯಲು ಅಷ್ಟು ಸಾಕು.

ನಡುವೆ ಮೂರು ಭಾಗಗಳಿದ್ದವು. ನಾರಣಪ್ಪನ ಹೆಣವನ್ನು ಯಾರು ಸುಡಬೇಕು ಎಂಬುದಕ್ಕೆ ಪ್ರಾಣೇಶಾಚಾರ್ಯರಿಗೆ ಗ್ರಂಥಗಳಲ್ಲೂ ಮಾರುತಿಯ ಗುಡಿಯಲ್ಲೂ ಉತ್ತರ ಸಿಗದಿರುವುದು ಮೊದಲನೆಯದು. ಕಾಡಿನಲ್ಲಿ ಚಂದ್ರಿಯನ್ನು ಕೂಡಿದ ಮೇಲೆ ತೀರ್ಪು ಹೇಳುವ ಅಧಿಕಾರವೇ ತನಗಿಲ್ಲ ಎಂದು ಅವರಿಗೆ ಅನ್ನಿಸುವುದು ಎರಡನೆಯದು. ಅದೇ ರಾತ್ರಿ ಚಂದ್ರಿ ಅಹಮದ್ ಬ್ಯಾರಿಯ ನೆರವಿನಿಂದ ಹೆಣವನ್ನು ಸುಟ್ಟು ಊರು ಬಿಡುವುದು ಮೂರನೆಯದು. ಇವನ್ನು ಒಂದರ ಕೆಳಗೊಂದು ಜೋಡಿಸಿದ್ದೆನೇ ಹೊರತು ಒಂದರ ಪಕ್ಕ ಒಂದಿಟ್ಟು ನೋಡಿರಲಿಲ್ಲ.

ಪಕ್ಕಪಕ್ಕ ಇಟ್ಟಾಗ ಪೀಠಿಕೆಯ ಪ್ರಶ್ನೆಯೇ ಬದಲಾಗುತ್ತದೆ. ‘ಯಾರು ಸುಡಬೇಕು’ ಎಂಬುದು ಕಾದಂಬರಿಯ ನಡುವಿನಲ್ಲೇ ಮುಗಿದುಹೋಗಿದೆ. ಆದರೆ ಅಗ್ರಹಾರಕ್ಕೂ ಆಚಾರ್ಯರಿಗೂ ಅದು ಗೊತ್ತಿಲ್ಲ. ಕೊನೆಯಲ್ಲಿ ಗಾಡಿಯಲ್ಲಿ ದೂರ್ವಾಸಪುರಕ್ಕೆ ಮರಳುವಾಗ ಅವರು ಹೊತ್ತಿರುವುದು ಇಲ್ಲದ ಹೆಣದ ಭಾರ. ಹಾಗಿದ್ದೂ ಅವರ ಸಂಕಟ ಹುಸಿಯಲ್ಲ, ಏಕೆಂದರೆ ಈಗ ಉಳಿದಿರುವುದು ತನ್ನ ಬಗ್ಗೆ ಊರಿಗೆ ಏನು ಹೇಳಬೇಕು ಎಂಬ ಪ್ರಶ್ನೆ. ಇದರಲ್ಲಿ ಹೊಸ ಪುರಾವೆ ಒಂದೂ ಇಲ್ಲ, ಎಲ್ಲವೂ ಲೇಖನದ ಒಳಗೇ ಇತ್ತು. ಹೊಸದು ಅವುಗಳ ನಡುವಿನ ಸಂಬಂಧ ಮಾತ್ರ. ಮುಕ್ತಾಯ ಮಾಡಬೇಕಾದ ಕೂಡಿಸುವ ಕೆಲಸ ಇದೇ.

ಮುಂದಕ್ಕೆ ಕೈತೋರುವುದೂ ಇಲ್ಲಿಂದಲೇ ಹುಟ್ಟಬೇಕು. ನನ್ನ ಇನ್ನೊಂದು ಕರಡಿನಲ್ಲಿ 1970ರ ಚಲನಚಿತ್ರವನ್ನು ಕೊನೆಗೆ ಎಳೆದು ತಂದಿದ್ದೆ. ಲೇಖನದಲ್ಲಿ ಅದರ ಸುಳಿವೇ ಇರಲಿಲ್ಲವಾದ್ದರಿಂದ ಅದು ಮುಂದಿನ ದಾರಿಯಾಗದೆ ಬೇರೆಯೇ ಲೇಖನದ ಪೀಠಿಕೆಯಾಯಿತು. ನನ್ನದೇ ಪುರಾವೆ ಎಬ್ಬಿಸುವ ಪ್ರಶ್ನೆ ಬೇರೆ: ಹೆಣ ಸುಟ್ಟವಳು ಕಥೆಯಿಂದ ಮರೆಯಾಗಿ, ಸುಡಲಾರದವರ ಮನಸ್ಸನ್ನೇ ಕಾದಂಬರಿ ಕೊನೆಯವರೆಗೂ ಹಿಂಬಾಲಿಸುವುದೇಕೆ? ನಾನು ಓದಿದ್ದು ಆಚಾರ್ಯರ ಕಡೆಯಿಂದ. ಚಂದ್ರಿಯ ಕಡೆಯಿಂದ ಓದಿದರೆ ‘ಸಂಘರ್ಷ’ ಎಂಬ ಪದವೇ ಹೊಂದುತ್ತದೆಯೇ? ಈ ಪ್ರಶ್ನೆ ನನ್ನ ವಾದದ ಮಿತಿಯನ್ನೂ ತೋರಿಸುತ್ತದೆ.

ಈಗ ಲೇಖನ ಮುಗಿಸುವಾಗ ಪೀಠಿಕೆಯನ್ನು ಮುಚ್ಚಿಟ್ಟು ಕೊನೆಯ ಪ್ಯಾರಾ ಬರೆಯುತ್ತೇನೆ, ಆಮೇಲೆ ಎರಡನ್ನೂ ಅಕ್ಕಪಕ್ಕ ಓದುತ್ತೇನೆ. ಎರಡೂ ಒಂದೇ ಮಾತು ಹೇಳಿದರೆ ಕೊನೆಯದನ್ನು ಅಳಿಸುತ್ತೇನೆ. ಕೊನೆಯದು ಹೆಚ್ಚು ಹೇಳಿದ್ದರೆ ತಿದ್ದುವುದು ಪೀಠಿಕೆಯನ್ನು. ‘ಸಂಸ್ಕಾರ’ದ ಲೇಖನದಲ್ಲಿ ಕೊನೆಗೆ ಹೋದದ್ದು ಮೊದಲ ಪ್ಯಾರಾದ ‘ಸಂಘರ್ಷ’. ಅದರ ಜಾಗಕ್ಕೆ ಆ ರಾತ್ರಿಯ ಚಿತೆ ಬಂತು.