ಅತ್ತಿಯ ಹೊಟ್ಟೆ ಬಿಚ್ಚಿ ನೋಡಿದರೆ

ಆದೋನಿ ಸೀಮೆಯಲ್ಲಿ ಮನೆಯಲ್ಲಿ ಕನ್ನಡ ಆಡುತ್ತಾ, ಶಾಲೆಯಲ್ಲಿ ತೆಲುಗು ಓದುತ್ತಾ ಬೆಳೆದವರಿಗೆ ವೇಮನನ ಒಂದು ಪದ್ಯ ಚೆನ್ನಾಗಿ ಗೊತ್ತು. ಹೊರಗೆ ಮಿರುಗುವ ಮೇಡಿ ಹಣ್ಣು, ಎಂದರೆ ನಮ್ಮ ಅತ್ತಿ ಹಣ್ಣು, ಒಳಗೆ ಹುಳುಗಳಿಂದ ತುಂಬಿರುವುದನ್ನು ತೋರಿಸಿ ಅವನು ಹೇಡಿಯ ಬಡಾಯಿಯನ್ನು ಅದಕ್ಕೆ ಹೋಲಿಸುತ್ತಾನೆ. ವೇಮನ ಕಂಡದ್ದು ಸುಳ್ಳಲ್ಲ. ಮಂತ್ರಾಲಯದ ಬಳಿ ತುಂಗಭದ್ರೆಯ ದಂಡೆಯಲ್ಲಿ ಬಿದ್ದ ಕೆಂಪು ಅತ್ತಿ ಹಣ್ಣನ್ನು ಎತ್ತಿ ಬಿಚ್ಚಿದರೆ ಹುಳು ಈಗಲೂ ಸಿಗುತ್ತವೆ. ಆದರೆ ಆ ಹುಳುಗಳನ್ನು ಕೊಳೆತದ ಗುರುತು ಅಂದುಕೊಂಡರೆ ಅತ್ತಿಗೆ ಅನ್ಯಾಯ. ಅವು ಹಣ್ಣನ್ನು ಕೆಡಿಸಲು ಬಂದವಲ್ಲ. ಅವು ಬರದಿದ್ದರೆ ಆ ಕಾಯಿ ಹಣ್ಣಾಗದೆ ಉದುರಿಹೋಗುತ್ತಿತ್ತು.

ಹಣ್ಣು ಬಿಟ್ಟು ಎಳೆಗಾಯಿಯಿಂದ ಶುರುಮಾಡಬೇಕು. ಅತ್ತಿ ಮರದ ಬೊಡ್ಡೆಗೇ ಗೊಂಚಲು ಗೊಂಚಲಾಗಿ ಅಂಟಿಕೊಂಡ ಹಸಿರು ಕಾಯಿಯೊಂದನ್ನು ಕಿತ್ತು, ಸೋರುವ ಹಾಲನ್ನು ಒರೆಸಿ, ಉದ್ದಕ್ಕೆ ಸೀಳಿ. ನಡುವೆ ಟೊಳ್ಳು. ಆ ಟೊಳ್ಳಿನ ಸುತ್ತ ಗೋಡೆಗೆ ಒತ್ತೊತ್ತಾಗಿ ಸಾವಿರಾರು ಬಿಳಿಚು ಎಳೆಗಳು. ಒಂದೊಂದು ಎಳೆಯೂ ಒಂದೊಂದು ಹೂವು. ಆದೋನಿಯ ಹೊಲಗಳಲ್ಲಿ ಬೆಳೆಯುವ ಸೂರ್ಯಕಾಂತಿಯ ತಟ್ಟೆಯನ್ನು ನೆನಪಿಸಿಕೊಳ್ಳಿ. ಅದರ ಮೇಲೆಲ್ಲ ಇರುವುದು ಪುಟ್ಟ ಹೂಗಳೇ. ಆ ತಟ್ಟೆಯ ಅಂಚನ್ನು ಸುತ್ತಲಿಂದ ಮೇಲೆತ್ತಿ, ಹೂಗಳೆಲ್ಲ ಒಳಗಾಗುವಂತೆ ಕೂಡಿಸಿಬಿಟ್ಟರೆ ಅತ್ತಿಕಾಯಿ. ಅಪರೂಪಕ್ಕೆ ಬರುವವರನ್ನು ಅತ್ತಿಯ ಹೂವು ಅನ್ನುತ್ತೇವಲ್ಲ, ಆ ಹೂವು ಹೀಗೆ ಗೊಂಚಲುಗಟ್ಟಲೆ ಕಣ್ಣೆದುರಿಗೇ ತೂಗುತ್ತಿರುತ್ತದೆ.

ಭೂತಗನ್ನಡಿ ಇದ್ದರೆ ಇನ್ನೊಂದು ಸೊಗಸು ಕಾಣುತ್ತದೆ. ಈ ಹೆಣ್ಣು ಹೂಗಳಲ್ಲಿ ಕೆಲವಕ್ಕೆ ತೊಟ್ಟು ಉದ್ದ, ಕೆಲವಕ್ಕೆ ಗಿಡ್ಡ. ತೊಟ್ಟು ಉದ್ದವಿದ್ದ ಹೂವಿಗೆ ಶಲಾಕೆ ಗಿಡ್ಡ, ತೊಟ್ಟು ಗಿಡ್ಡವಿದ್ದದ್ದಕ್ಕೆ ಶಲಾಕೆ ಉದ್ದ. ಹೀಗಾಗಿ ಅಂಡಾಶಯಗಳು ಮೇಲೆ ಕೆಳಗೆ ಇದ್ದರೂ ಶಲಾಕೆಯ ತುದಿಗಳೆಲ್ಲ ಒಂದೇ ಮಟ್ಟಕ್ಕೆ ಬಂದು, ಹಾಸಿದ ಹಾಗೆ ಕೂಡಿಕೊಳ್ಳುತ್ತವೆ. ಕಾಯಿಯ ಮುಂದಿನ ಕತೆಯೆಲ್ಲ ಈ ಅಳತೆಯ ಮೇಲೆ ನಿಂತಿದೆ.

ಕಾಯಿಯ ತುದಿಯಲ್ಲಿ ಒಂದು ಪುಟ್ಟ ಕಣ್ಣು. ಒಂದರ ಮೇಲೊಂದು ಕೂತ ಹುರುಪೆಗಳು ಅದನ್ನು ಬಿಗಿಯಾಗಿ ಮುಚ್ಚಿರುತ್ತವೆ. ಹೂ ಅರಳಿದಾಗ ಅಲ್ಲಿಂದ ಹೊರಡುವ ವಾಸನೆಯನ್ನು ಹಿಡಿದು ಬರುವುದು ಸೆರಾಟೊಸೊಲೆನ್ ಫುಸಿಸೆಪ್ಸ್ ಎಂಬ ಕಣಜದ ಹೆಣ್ಣು. ಇರುವೆಗಿಂತ ಚಿಕ್ಕದು, ಸುಮಾರು 2 ಮಿಲಿಮೀಟರ್. ಹುರುಪೆಗಳ ನಡುವೆ ತಲೆ ತೂರಿಸಿ ನುಸುಳುವಾಗ ಅದರ ರೆಕ್ಕೆ ಕಿತ್ತುಹೋಗುತ್ತವೆ, ಮೀಸೆಯೂ ಮುರಿಯುತ್ತದೆ. ಎದೆಯ ಮೇಲಿನ ಎರಡು ಜೇಬುಗಳಲ್ಲಿ ತಾನು ಹುಟ್ಟಿದ ಕಾಯಿಯಿಂದ ತುಂಬಿ ತಂದ ಪರಾಗವಿರುತ್ತದೆ. ಒಳಗೆ ಸೇರಿದ ಮೇಲೆ ಅದು ಶಲಾಕೆಯ ತುದಿಗಳ ಮೇಲೆ ಓಡಾಡುತ್ತಾ, ಹೂವಿನ ಒಳಕ್ಕೆ ಮೊಟ್ಟೆಯಿಡುವ ಕೊಳವೆ ಇಳಿಸುತ್ತದೆ, ಜೊತೆಗೇ ಜೇಬಿನಿಂದ ಪರಾಗ ತೆಗೆದು ಸವರುತ್ತದೆ. ಶಲಾಕೆ ಗಿಡ್ಡವಿದ್ದರೆ ಕೊಳವೆ ಅಂಡಾಶಯ ಮುಟ್ಟುತ್ತದೆ, ಆ ಹೂವು ಮರಿಯ ತೊಟ್ಟಿಲಾಗುತ್ತದೆ. ಉದ್ದವಿದ್ದರೆ ಮುಟ್ಟುವುದಿಲ್ಲ, ಆ ಹೂವು ಬೀಜ ಕಟ್ಟುತ್ತದೆ. ಒಂದೇ ಕಾಯಿಯಲ್ಲಿ ಮರಕ್ಕೆ ಬೀಜವೂ ಆಯಿತು, ಕಣಜಕ್ಕೆ ಸಂತಾನವೂ ಆಯಿತು. ರೆಕ್ಕೆಯಿಲ್ಲದ ತಾಯಿ ಸಾಮಾನ್ಯವಾಗಿ ಅಲ್ಲೇ ಸಾಯುತ್ತದೆ.

ವಾರಗಳು ಕಳೆದು ಮೊದಲು ಹೊರಬೀಳುವುದು ಗಂಡುಗಳು. ಅವಕ್ಕೆ ರೆಕ್ಕೆಯೇ ಇಲ್ಲ, ಹುಟ್ಟಿದ ಕಾಯಿಯೇ ಅವುಗಳ ಲೋಕ. ಇನ್ನೂ ತೊಟ್ಟಿಲಲ್ಲೇ ಇರುವ ಹೆಣ್ಣುಗಳನ್ನು ಕೂಡಿ, ಆಮೇಲೆ ಗಂಡುಗಳೆಲ್ಲ ಸೇರಿ ಕಾಯಿಯ ಗೋಡೆಯನ್ನು ಕಡಿದು ದಾರಿ ಕೊರೆಯುತ್ತವೆ. ಆ ಹೊತ್ತಿಗೆ ಸರಿಯಾಗಿ ಕಣ್ಣಿನ ಬಳಿಯ ಗಂಡು ಹೂಗಳು ಮಾಗಿರುತ್ತವೆ. ಹೆಣ್ಣುಗಳು ಜೇಬಿಗೆ ಪರಾಗ ತುಂಬಿಕೊಂಡು ಆ ದಾರಿಯಲ್ಲಿ ಹೊರಗೆ ಹಾರುತ್ತವೆ. ಅವಕ್ಕಿರುವ ಆಯುಸ್ಸು ಒಂದೆರಡು ದಿನ, ಅಷ್ಟರಲ್ಲಿ ಹೂ ಅರಳಿದ ಇನ್ನೊಂದು ಮರ ಸಿಗಬೇಕು. ಅವು ಹೋದ ಮೇಲೆಯೇ ಕಾಯಿ ಮೆತ್ತಗಾಗಿ, ಸಿಹಿಯಾಗಿ, ಕೆಂಪೇರುವುದು. ಅಂದರೆ ನಾವು ಹಣ್ಣು ಅನ್ನುವ ಹೊತ್ತಿಗೆ ಅದರಲ್ಲಿ ಕಣಜದ ಒಂದು ಇಡೀ ತಲೆಮಾರು ಬಾಳಿ ಮುಗಿಸಿರುತ್ತದೆ. ಹಣ್ಣಿನ ಮೈಮೇಲೆ ದುಂಡನೆಯ ತೂತು ಕಂಡರೆ ಅದೇ ಅವುಗಳ ಬಾಗಿಲು. ಒಳಗಿನ ಪುಡಿಪುಡಿಯಲ್ಲಿ ತೊಟ್ಟಿಲ ಸಿಪ್ಪೆ, ಗಂಡುಗಳ ಒಣಗಿದ ಮೈ, ಹೊರಡಲಾಗದೆ ಉಳಿದ ಒಂದೆರಡು ಹೆಣ್ಣು ಕಾಣಸಿಗುತ್ತವೆ.

ಈ ಮನೆಗೆ ಕಳ್ಳರೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜೆಸ್ ಮತ್ತು ಅವರ ಶಿಷ್ಯರು ಅತ್ತಿ ಮರವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಪರಾಗ ತರುವ ಕಣಜ ಒಂದೇ ಜಾತಿಯದು, ಅದರ ಹೊರತಾಗಿ ಪರಾಗ ತರದೆ ಮೊಟ್ಟೆ ಮಾತ್ರ ಇಡುವ ಬೇರೆ ಜಾತಿಗಳು ಹಲವು. ಅವು ಕಣ್ಣಿನಲ್ಲಿ ನುಸುಳುವುದಿಲ್ಲ, ಕಾಯಿಯ ಮೇಲೆ ನಿಂತು ಕೂದಲಿನಂಥ ಉದ್ದನೆಯ ಕೊಳವೆಯಿಂದ ಗೋಡೆಯನ್ನೇ ಕೊರೆಯುತ್ತವೆ. ಅವುಗಳಲ್ಲಿ ಅಪೊಕ್ರಿಪ್ಟಾ ಎಂಬುದರ ಕೊಳವೆಯ ತುದಿಯ ಹಲ್ಲುಗಳಲ್ಲಿ ಸತುವು ಇದೆ ಎಂದು ಅದೇ ಸಂಸ್ಥೆಯ ಲಕ್ಷ್ಮೀನಾಥ್ ಕುಂದನಾಟಿ ಮತ್ತು ನಮ್ರತಾ ಗುಂಡಯ್ಯ 2014ರಲ್ಲಿ ಪ್ರಕಟಿಸಿದರು. ಗಟ್ಟಿ ಕಾಯಿ ಕೊರೆದರೂ ತುದಿ ಸವೆಯದಿರಲೆಂದು ಹುಳುವಿನ ಮೈಯಲ್ಲಿ ಲೋಹ! ಇದನ್ನು ಓದಿದ ಮೇಲೆ ಕಾಯಿಯ ಮೇಲೆ ಕೂತ ಆ ಸಣ್ಣ ಕಣಜವನ್ನು ಕೈಯಾಡಿಸಿ ಓಡಿಸಲು ನನಗೆ ಮನಸ್ಸು ಬಂದಿಲ್ಲ.

ಹಾಗಾದರೆ ಅಂಗಡಿಯ ಅಂಜೂರದಲ್ಲೂ ಸತ್ತ ಕಣಜ ಇದೆಯೇ? ಆದೋನಿ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಊರು, ಬಳ್ಳಾರಿ ಅಂಜೂರ ಅಂದರೆ ನೆರೆಮನೆಯ ಹಣ್ಣು. ಅದನ್ನು ನಿಶ್ಚಿಂತೆಯಿಂದ ತಿನ್ನಬಹುದು. ಅಂಜೂರವೂ ಒಳಗೆ ಹೂ ತುಂಬಿದ್ದೇ, ಆದರೆ ಬಳ್ಳಾರಿ, ಪುಣೆ ತಳಿಗಳು ಪರಾಗವಿಲ್ಲದೆಯೇ ಹಣ್ಣಾಗುವಂಥವು. ಕಣಜ ಬೇಕಾಗಿಲ್ಲ, ಬರುವುದೂ ಇಲ್ಲ. ಹಲ್ಲಿಗೆ ಕುರುಕುರು ಅನ್ನುವುದು ಬೀಜದ ಓಡು, ಅದೂ ಒಳಗೆ ಟೊಳ್ಳು.

ತುರ್ಕಿಯ ಸ್ಮರ್ನಾ ಜಾತಿಯ ಮಾತು ಬೇರೆ. ಅದಕ್ಕೆ ಕಣಜ ಬೇಕೇ ಬೇಕು. ಆ ಗಿಡಗಳನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ದು ನೆಟ್ಟವರು ಕಾಯಿ ನಿಲ್ಲದೆ ವರ್ಷಗಟ್ಟಲೆ ಕಾದರು. 1899ರಲ್ಲಿ ಕಣಜ ನೆಲೆಗೊಂಡ ಮೇಲೆ ಹಣ್ಣು ಕಂಡರು. ಅಂಥ ಹಣ್ಣಿನ ಹೂಗಳೆಲ್ಲ ಉದ್ದ ಶಲಾಕೆಯವು, ಹೊಕ್ಕ ಹೆಣ್ಣು ಮೊಟ್ಟೆಯಿಡಲಾಗದೆ ಸಾಯುತ್ತದೆ. ಅಂಜೂರದ ಹಾಲಿನಲ್ಲಿರುವ ಫಿಸಿನ್ ಅದನ್ನು ಪೂರ್ತಿ ಕರಗಿಸಿಬಿಡುತ್ತದೆ ಎಂದು ಹೇಳುವವರಿದ್ದಾರೆ. ಫಿಸಿನ್ ಕತ್ತರಿಸುವುದು ಪ್ರೋಟೀನನ್ನು. ಕಣಜದ ಹೊರಕವಚದ ಕೈಟಿನ್ ಪ್ರೋಟೀನ್ ಅಲ್ಲ, ಅದು ಫಿಸಿನ್‌ಗೆ ಬಗ್ಗುವುದಿಲ್ಲ. ಹಾಗಾಗಿ ಕಣ್ಣಿಗೆ ಬೀಳದಷ್ಟು ಚೂರು ಉಳಿಯಬಹುದು.

ಅತ್ತಿಯೊಳಗಿನ ಹುಳುಗಳನ್ನು ನಮ್ಮ ಜೈನರು ಬಹಳ ಹಿಂದೆಯೇ ಗಮನಿಸಿದ್ದರು. ಶ್ರಾವಕರು ಬಿಡಬೇಕಾದ ಪಂಚ ಉದುಂಬರಗಳಲ್ಲಿ ಆಲ, ಅರಳಿಯ ಜೊತೆಗೆ ಅತ್ತಿಯೂ ಇದೆ. ಒಳಗೆ ಜೀವಗಳಿವೆ ಎಂಬುದೇ ಅದಕ್ಕೆ ಕಾರಣ. ಆ ವ್ರತ ಇಲ್ಲದವರು ಬಳ್ಳಾರಿ ಅಂಜೂರವನ್ನು ತಿನ್ನುವ ಮುಂಚೆ ಒಮ್ಮೆ ಎರಡು ಹೋಳು ಮಾಡಿ ಬೆಳಕಿಗೆ ಹಿಡಿಯಲಿ. ಗುಲಾಬಿ ಬಣ್ಣದ ತಿರುಳು ಎಳೆ ಎಳೆಯಾಗಿ ಬಿಡಿಸಿಕೊಂಡು ಕಾಣುತ್ತದೆ. ನಾಲಿಗೆಗೆ ಸಿಹಿಯಾಗಿ ಹತ್ತುವುದು ಆ ನೂರಾರು ಹೂಗಳ ರಸ ತುಂಬಿದ ತೊಟ್ಟು ಮತ್ತು ಎಸಳು.